ಒಂದೇ ವಿಳಾಸದ ಎರಡು ಬಾಗಿಲು

ಭಾದ್ರಪದ ಮುಗಿಯುತ್ತ ಬಂದಿದ್ದರೂ ವಾಶಿಯ ಮಾರ್ಕೆಟ್ಟಿನ ಮೇಲೆ ಮಳೆ ಇನ್ನೂ ತನ್ನ ಹಾಸಿಗೆ ಸುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಒಂದು ಜಿಟಿ, ಹತ್ತಕ್ಕೆ ಕಣ್ಣು ಕುಕ್ಕುವ ಬಿಸಿಲು, ಹನ್ನೊಂದಕ್ಕೆ ಮತ್ತೆ ಜಿಟಿ. ಕೋಲ್ಡ್ ಸ್ಟೋರೇಜಿನಿಂದ ಬಂದ ಒಣದ್ರಾಕ್ಷಿಯ ಪೆಟ್ಟಿಗೆಗಳು ಮಾರ್ಕೆಟ್ಟಿನವರು ಗಾಳಾ ಎನ್ನುವ ಮಳಿಗೆಯ ಹೊಸ್ತಿಲಿನಲ್ಲಿ ಬೆವರಿಟ್ಟುಕೊಂಡು ನಿಂತಿದ್ದವು. ತಣ್ಣನೆಯ ಪೆಟ್ಟಿಗೆಯನ್ನು ಈ ಹವೆಯಲ್ಲಿ ತಟ್ಟನೆ ಬಿಚ್ಚಿದರೆ ಕಾಳು ನೀರು ಹೀರಿ ಅಂಟಂಟಾಗುತ್ತದೆ. ಅದಕ್ಕೇ ಹಮಾಲರು ಅವನ್ನು ಹಲಗೆಯ ಮೇಲೆ ಜೋಡಿಸಿ, ಮೇಲೆ ಗೋಣಿ ಹೊದಿಸಿ, ಬೀಡಿ ಹಚ್ಚಿಕೊಂಡು ಕಾಯುತ್ತಿದ್ದರು. ದಸರೆಯ ಬೇಡಿಕೆ ಇನ್ನೇನು ಬಾಗಿಲಿಗೆ ಬಂದಿತ್ತು. ಕಾಯುವುದೂ ಅಲ್ಲಿ ಒಂದು ಕೆಲಸವೇ.

ಒಳಗೆ, ಮೂರು ಮೆಟ್ಟಿಲು ಏರಿದರೆ ಸಿಗುವ ಗಾಜಿನ ಕೋಣೆಯಲ್ಲಿ ಕಾಂಚನಾ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ವೀರಭದ್ರಪ್ಪ ಅಂಡ್ ಸನ್ಸ್ ಎಂಬ ಈ ಒಣಹಣ್ಣಿನ ಸಗಟು ಪೇಢಿಯಲ್ಲಿ ಅವಳಿಗೆ ಇದು ಆರನೆಯ ವರ್ಷ. ಮೊದಲ ಐದು ವರ್ಷ ಅವಳು ಕೂತದ್ದು ಪಕ್ಕದ ಸ್ಟೂಲಿನ ಮೇಲೆ. ಈ ಕುರ್ಚಿ ಶಿವರಾಜನದು. ಕುರ್ಚಿಯ ಎಡಗೈ ಮೇಲಿನ ರೆಕ್ಸಿನ್ ಅವನ ಮೊಣಕೈ ತಿಕ್ಕಿ ತಿಕ್ಕಿ ಹರಿದಿತ್ತು. ಹನ್ನೊಂದು ತಿಂಗಳಿಂದ ಕಾಂಚನಾ ಅದರ ಮೇಲೆ ಕೈ ಊರದೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು.

ಬೇಲಾಪುರದ ಚಂದ್ರಮಣಿ ಫುಡ್ಸ್ ಎಂಬ ಬಿಸ್ಕಿಟ್ ಕಂಪನಿ ಈ ಸಲ ಮಾಲು ಕೊಳ್ಳುವ ಮೊದಲು ಒಂದು ಹೊಸ ಪದ್ಧತಿ ಹಾಕಿತ್ತು. ಮಾಲು ಕೊಡುವವರೆಲ್ಲ ಅವರ ಜಾಲತಾಣದೊಳಗೆ ಅತಿಥಿಯಾಗಿ ಹೋಗಿ, ಯಾವ ಪೆಟ್ಟಿಗೆ ಯಾವ ಹೊಲದ್ದು, ಯಾವ ಶೆಡ್ಡಿನಲ್ಲಿ ಎಷ್ಟು ದಿನ ಒಣಗಿದ್ದು ಎಂಬ ಹಾಳೆಗಳನ್ನು ಹಾಕಬೇಕು. ಕರೆಯೋಲೆ ಪೇಢಿಯ ಈಮೇಲಿಗೆ ಸೋಮವಾರವೇ ಬಂದಿತ್ತು. ಸಾವ್ಕಾರರ ಮಗ ಶಶಿಕಾಂತ್ ಅದನ್ನು ತನ್ನ ಫೋನಿನಲ್ಲೇ ಒತ್ತಿ ಒಪ್ಪಿಕೊಂಡು, "ಝಾಲಂ, ಆತು. ಇನ್ನ ನೀವು ಹಾಳಿ ಹಾಕ್ರಿ ವೈನಿ," ಎಂದು ಹೇಳಿ ಹೋಗಿದ್ದ.

ಬುಧವಾರ ಕಾಂಚನಾ ಆ ಕೊಂಡಿಯನ್ನು ತೆರೆದಳು. ಹಿಂದಿನ ವಾರ ಮಳೆಗೆ ಕರೆಂಟು ಏರಿಳಿದು ಕಂಪ್ಯೂಟರು ಕೆಟ್ಟು, ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಕಟ್ಟಿಕೊಟ್ಟಿದ್ದ. ಹಾಗಾಗಿ ಎಂದೂ ಏನೂ ಕೇಳದೆ ಒಳಗೆ ಬಿಡುತ್ತಿದ್ದ ಲಾಗಿನ್ ಪುಟ ಈ ದಿನ ಹೊಸಬಳನ್ನು ಕಂಡಂತೆ ಮೊದಲಿನಿಂದ ವಿಚಾರಿಸತೊಡಗಿತು. ಅವಳು ಪೇಢಿಯ ವಿಳಾಸ ಬರೆದು ಮುಂದೆ ಒತ್ತಿದಳು. ಪಾಸ್‌ವರ್ಡ್ ಕೇಳುವ ಬದಲು ಪುಟ ಒಂದು ಪ್ರಶ್ನೆ ಕೇಳಿತು. ಈ ಈಮೇಲು ಒಂದಕ್ಕಿಂತ ಹೆಚ್ಚು ಖಾತೆಗಳಿಗೆ ಬಳಕೆಯಾಗುತ್ತಿರುವಂತಿದೆ, ನಿಮಗೆ ಯಾವುದು ಬೇಕು?

ಕೆಳಗೆ ಎರಡು ಸಾಲು. ಮೇಲಿನದು, ಕೆಲಸದ ಖಾತೆ. ನಿಮ್ಮ ಸಂಸ್ಥೆಯವರು ಮಾಡಿಕೊಟ್ಟದ್ದು. ಕೆಳಗಿನದು, ಸ್ವಂತ ಖಾತೆ, ನೀವೇ ಮಾಡಿಕೊಂಡದ್ದು. ಎರಡರಲ್ಲೂ ಅದೇ ವಿಳಾಸ, ಅಕ್ಷರಕ್ಕೆ ಅಕ್ಷರ.

ಕಾಂಚನಾ ಚಾಳೀಸು ಏರಿಸಿಕೊಂಡು ಮತ್ತೊಮ್ಮೆ ಓದಿದಳು. ನೀವೇ ಮಾಡಿಕೊಂಡದ್ದು. ಯಾರು? ತಾನಂತೂ ಮಾಡಿಕೊಂಡಿಲ್ಲ. ಪೇಢಿಯ ವಿಳಾಸಕ್ಕೆ ಸ್ವಂತದ್ದು ಎಂದರೆ ಯಾರ ಸ್ವಂತ? ಅಥಣಿಯ ಕಡೆ ಅವಳ ತವರಿನಲ್ಲಿ ಒಂದೇ ಅಂಗಳಕ್ಕೆ ಎರಡು ಬಾಗಿಲಿದ್ದವು. ಒಂದು ಮನುಷ್ಯರದು, ಒಂದು ದನಗಳದು. ಹೊಸಬರು ಬಂದರೆ ಯಾವುದನ್ನು ಬಡಿಯಬೇಕೆಂದು ತಿಳಿಯದೆ ನಿಲ್ಲುತ್ತಿದ್ದರು. ಹಾಗೆ ನಿಂತಳು ಅವಳೂ.

"ಶಶಿಕಾಂತ್, ಇಲ್ಲಿ ಸ್ವಲ್ಪ ನೋಡ್ರಿ," ಎಂದು ಕರೆದಳು.

ಶಶಿಕಾಂತ್ ಕೆಳಗೆ ತೂಕದ ಕಾಟಾದ ಹತ್ತಿರ ನಿಂತಿದ್ದ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಅರ್ಧ ಬರುತ್ತದೆ, ಉಳಿದರ್ಧ ಮರಾಠಿ ಹಿಂದಿ. ಅಲ್ಲಿಂದಲೇ ಕೂಗಿದ. "ದೋನ್ ಆಪ್ಶನ್ ಬಂದಾವಲ್ಲ? ವರ್ಚಾ ಒತ್ರಿ ವೈನಿ. ಮ್ಯಾಲಿಂದು. ಕೆಳಗಿಂದು ಹಾಥ್ ಮತ್ ಲಗಾವೊ."

"ಯಾಕ್ರಿ? ಕೆಳಗಿಂದ ಯಾರದು?"

"ಕ್ಯಾ ಮಾಲೂಮ್. ಕಚರಾ ಅದ. ಪೈಲೇ ಸೆ ಅದ."

ಮೊದಲಿನಿಂದ ಇದೆ. ಆ ಮಾತು ಕಾಂಚನಾಳ ಕೈಯನ್ನು ಹಿಡಿದು ನಿಲ್ಲಿಸಿತು.

ಮೊದಲಿನಿಂದ ಎಂದರೆ ಯಾವಾಗಿನಿಂದ? ಹೋದ ವರ್ಷ ದಸರೆಯ ವೇಳೆಗೆ ಹಳೆಯ ಕಂಪ್ಯೂಟರು ಸತ್ತುಹೋಗಿತ್ತು. ಅದರ ಡಿಸ್ಕು ಸುಟ್ಟಿತ್ತು. ಅದರಲ್ಲಿ ಎಂಟು ವರ್ಷದ ಹಾಳೆಗಳಿದ್ದವು. ತಿಕೋಟಾ ಕಡೆಯ ನೂರೆಂಟು ಶೆಡ್ಡುಗಳ ಲೆಕ್ಕ: ಯಾರ ಹೊಲ, ಯಾವ ದಿನ ದ್ರಾಕ್ಷಿ ದ್ರಾವಣದಲ್ಲಿ ಅದ್ದಿದ್ದು, ಬಲೆಯ ಮೇಲೆ ಎಷ್ಟು ದಿನ ಒಣಗಿದ್ದು, ನಡುವೆ ಮೋಡ ಬಂತೋ ಇಲ್ಲವೋ, ಕಾಳು ಹಸಿರೋ ಹಳದಿಯೋ ಕಂದೋ. ಶಿವರಾಜ ಪ್ರತಿ ಮಾಘ ಫಾಲ್ಗುಣದಲ್ಲಿ ಹಳ್ಳಿ ಹಳ್ಳಿ ತಿರುಗಿ, ಶೆಡ್ಡಿನೊಳಗೆ ಕೈಯಾಡಿಸಿ, ರೈತರೊಂದಿಗೆ ಉಂಡು ಬರೆದುಕೊಂಡು ಬಂದದ್ದು. ಕಂಪ್ಯೂಟರು ಸತ್ತ ದಿನ ಅವನು ತಾಯಿಯ ವರ್ಷದ ಕಾರ್ಯಕ್ಕೆಂದು ಊರಿಗೆ ಹೋಗಿದ್ದ. ಫೋನಿನಲ್ಲಿ, "ಹೆದರಬ್ಯಾಡ್ರಿ ಸಾವ್ಕಾರ್ರ. ಹಾಳಿ ಎಲ್ಲಾ ಇಂಟರ್ನೆಟ್ ಖಾತೆದಾಗ ಅದಾವ. ಪಾಸ್‌ವರ್ಡ್ ಕಾಟಾ ಬುಕ್ಕಿನ ಹಿಂದಿನ ರಟ್ಟಿನ ಮ್ಯಾಲ ಬರದೇನಿ," ಎಂದಿದ್ದ.

ಶಶಿಕಾಂತ್ ಆಗಲೇ ಹೊಸ ಕಂಪ್ಯೂಟರಿನ ಜೊತೆಗೆ ವ್ಯಾಪಾರದ ಈಮೇಲನ್ನೂ ದುಡ್ಡು ಕೊಟ್ಟು ಹೊಸದಾಗಿ ಕಟ್ಟಿಸಿದ್ದ. ವಿಳಾಸ ಹಳೆಯದೇ, ಬದಲಿಸಲಿಲ್ಲ. ಮಾರ್ಕೆಟ್ಟಿಗೆಲ್ಲ ಗೊತ್ತಿರುವ ವಿಳಾಸ. ಅವನು ಪುಟ ತೆರೆದು, ಏನನ್ನೋ ಒತ್ತಿ, ಕುರ್ಚಿಯನ್ನು ಕಾಂಚನಾಳ ಕಡೆ ತಿರುಗಿಸಿ ಹೇಳಿದ್ದ. "ಟೈಪ್ ಮಾಡ್ರಿ." ಕಾಂಚನಾ ಕಾಟಾ ಬುಕ್ಕು ಎದುರಿಗೆ ಹಿಡಿದು ಅಕ್ಷರ ಅಕ್ಷರ ನೋಡಿ ಬರೆದಳು. ತಪ್ಪು ಎಂದಿತು. ಮತ್ತೊಮ್ಮೆ ಬರೆದಳು. ತಪ್ಪು. ಮೂರನೆಯ ಸಲ ಶಶಿಕಾಂತನೇ ಓದಿ ಹೇಳಿದ. ತಪ್ಪು. ಆಮೇಲೆ ಅವನು ತನ್ನ ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿದರೆ ಹಾಳೆಗಳ ಕಪಾಟು ಖಾಲಿ. ಒಂದು ಕಾಗದವೂ ಇಲ್ಲ.

ವೀರಭದ್ರಪ್ಪ ಅಂದು ಕೇಳಿದ್ದು ಮಗನನ್ನಲ್ಲ. "ಕಾಂಚನಾ, ನೀ ಹೇಳವಾ. ಅಂವ ಕೊಟ್ಟ ಪಾಸ್‌ವರ್ಡ್ ಹತ್ತತೈತೇನು?"

"ಇಲ್ರಿ ಸಾವ್ಕಾರ್ರ. ಹತ್ತವಲ್ದು."

ಅಷ್ಟೇ ಅವಳು ಆಡಿದ ಮಾತು. ಆ ಮಾತಿನ ಮೇಲೆ ಶಿವರಾಜನ ಕೆಲಸ ಹೋಯಿತು. ಎದುರು ಸಾಲಿನ ಒಂದು ಪೇಢಿಯವರು ಅವನನ್ನು ಹೆಚ್ಚು ಸಂಬಳಕ್ಕೆ ಕರೆದಿದ್ದ ಸುದ್ದಿ ಮೊದಲೇ ಇತ್ತು. ಶೆಡ್ಡುಗಳ ಪಟ್ಟಿ ಕದ್ದು ಅವರಿಗೆ ಕೊಟ್ಟ ಎಂದು ವೀರಭದ್ರಪ್ಪ ಚಹಾದ ಹೊತ್ತಿನಲ್ಲಿ ಇಡೀ ಲೇನು ಕೇಳುವ ಹಾಗೆ ಹೇಳಿದರು. ಊರಿಂದ ಮರಳಿದ ಶಿವರಾಜ ಮೆಟ್ಟಿಲ ಮೇಲೆ ನಿಂತು, "ನಾ ಒಂದ್ಸಲ ಕೂತು ತೋರಸ್ತೀನ್ರಿ," ಎಂದು ಕೇಳಿದ. ಉಳಿದದ್ದನ್ನೂ ಅಳಿಸುತ್ತೀಯಾ ಎಂದು ಶಶಿಕಾಂತ್ ಬಿಡಲಿಲ್ಲ. ಎದುರು ಪೇಢಿಯವರೂ ಆಮೇಲೆ ಅವನನ್ನು ತೆಗೆದುಕೊಳ್ಳಲಿಲ್ಲ. ಒಬ್ಬರ ಮನೆಯಲ್ಲಿ ಕದ್ದವನು ಇನ್ನೊಬ್ಬರ ಮನೆಯಲ್ಲಿ ಕದಿಯನೇ? ಮಾರ್ಕೆಟ್ಟು ಅಂದರೆ ಹಾಗೆಯೇ, ದೊಡ್ಡ ಊರಿನ ವೇಷ ಹಾಕಿದ ಸಣ್ಣ ಹಳ್ಳಿ.

ಅಂದು ಶಶಿಕಾಂತ್ ಒತ್ತಿದ್ದು ಏನು? ಕಾಂಚನಾಳಿಗೆ ಇವತ್ತು ಮೊದಲ ಸಲ ಆ ಯೋಚನೆ ಬಂತು. ಅವಳ ಕಡೆ ಕುರ್ಚಿ ತಿರುಗುವ ಮೊದಲೇ ಅವನು ಮೇಲಿನ ಸಾಲನ್ನು ಒತ್ತಿಯಾಗಿತ್ತಲ್ಲ.

ಅವಳು ಚಂದ್ರಮಣಿ ಕಂಪನಿಯ ಕರೆಯೋಲೆಯ ಕೊನೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಒಳಗೆ ಬರಲು ತೊಂದರೆಯಾದರೆ ಕೇಳಿ ಎಂದು ಅದರಲ್ಲಿ ಬರೆದಿತ್ತು. ಆ ಕಡೆ ಎತ್ತಿದವಳು ಶ್ರೀವಾಣಿ ಎಂದಳು. ಮೊದಲು ಹಿಂದಿಯಲ್ಲಿ ನಡೆಯಿತು. ಕಾಂಚನಾ ಬಾಗಿಲಾಚೆಯ ಹಮಾಲನಿಗೆ "ಗೋಣಿ ಸರಿಮಾಡೋ," ಎಂದದ್ದು ಕೇಳಿಸಿ ಆ ಕಡೆಯ ದನಿ ಬದಲಾಯಿತು.

"ಅಯ್ಯೋ, ನೀವು ಕನ್ನಡದವರಾ? ಮೊದಲೇ ಹೇಳ್ಬಾರದಾ ಮಾರಾಯ್ರೆ. ನಮ್ಮದು ಉಡುಪಿ. ಹೇಳಿ, ಪುಟದಲ್ಲಿ ಎಂತ ಬರ್ತಾ ಉಂಟು?"

ಕಾಂಚನಾ ಓದಿ ಹೇಳಿದಳು.

"ಹಾಂ. ಒಂದೇ ವಿಳಾಸಕ್ಕೆ ಎರಡು ಖಾತೆ ಉಂಟು ನಿಮ್ಮದು. ತುಂಬ ಕಡೆ ಹೀಗಾಗ್ತದೆ. ಮೇಲಿನದು ನಿಮ್ಮ ಪೇಢಿಗೆ ಸೇರಿದ್ದು. ಕೆಳಗಿನದು ಪೇಢಿಗೆ ಸೇರಿದ್ದಲ್ಲ, ಯಾರೋ ಒಬ್ಬ ಮನುಷ್ಯನಿಗೆ ಸೇರಿದ್ದು. ನಮ್ಮ ಹತ್ತಿರ ನಿಮ್ಮವರು ಮೇಲಿನದರಿಂದ ಬಂದು ಒಪ್ಪಿಕೊಂಡದ್ದು ಅಂತ ಕಾಣ್ತದೆ. ಹಾಗಾಗಿ ಮೇಲಿನದೇ ಒತ್ತಿ ಬನ್ನಿ, ಆಯ್ತು."

"ಅದು ತಿಳೀತ್ರಿ. ಆದ್ರ ಕೆಳಗಿಂದು ಹೆಂಗ ಹುಟ್ತು? ವಿಳಾಸ ನಮ್ಮ ಪೇಢಿದು. ಬ್ಯಾರೆಯವರು ಹೆಂಗ ಮಾಡ್ಕೋತಾರ?"

ಶ್ರೀವಾಣಿ ನಕ್ಕಳು. ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂಬಂಥ ನಗು. "ಈಗ ಮಾಡ್ಲಿಕ್ಕೆ ಬಿಡುದಿಲ್ಲ. ಮೊದಲು ಬಿಡ್ತಿತ್ತು. ನಿಮ್ಮ ಈಮೇಲು ಹಿಂದೆ ಬೇರೆ ಎಲ್ಲೋ ಇತ್ತು ಅಲ್ವಾ, ಈಗಿನ ವ್ಯಾಪಾರದ ಈಮೇಲು ಆಗುವ ಮೊದಲು? ಆಗ ಯಾರೋ ಕಂಪ್ಯೂಟರು ಹೊಸದಾಗಿ ಹಚ್ಚುವಾಗ ಅದು ಒಂದು ಖಾತೆ ಮಾಡಿ ಅಂತ ಕೇಳಿರ್ತದೆ. ಅವರು ಇದೇ ವಿಳಾಸ ಹಾಕಿದ್ದಾರೆ. ಆಮೇಲೆ ನೀವು ಪೇಢಿಗೆ ದುಡ್ಡು ಕೊಟ್ಟು ತಗೊಂಡಾಗ ಅದೇ ಹೆಸರಲ್ಲಿ ಇನ್ನೊಂದು ಹುಟ್ಟಿತು. ಹಳೇದು ಸಾಯ್ಲಿಲ್ಲ. ಹೆಸರು ಒಂದೇ, ಮನೆ ಎರಡು."

"ಎರಡಕ್ಕೂ ಪಾಸ್‌ವರ್ಡ್ ಬ್ಯಾರೆ ಬ್ಯಾರೆ?"

"ಹೌದಲ್ಲ ಮತ್ತೆ. ಪಾಸ್‌ವರ್ಡೂ ಬೇರೆ, ಒಳಗೆ ಇಟ್ಟ ಫೈಲೂ ಬೇರೆ. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಕಾಣುದೇ ಇಲ್ಲ."

ಕಾಂಚನಾ ಗಾಜಿನಾಚೆ ನೋಡಿದಳು. ಹೊರಗೆ ಹಮಾಲರು ಗೋಣಿ ಎತ್ತಿ ಪೆಟ್ಟಿಗೆಯ ಮೈ ಮುಟ್ಟಿ ನೋಡುತ್ತಿದ್ದರು. ಇನ್ನೂ ತಂಪಿತ್ತು. ಮತ್ತೆ ಹೊದಿಸಿದರು.

"ಇದೀರಾ?" ಎಂದಳು ಶ್ರೀವಾಣಿ.

"ಇದ್ದೇನ್ರಿ. ಒಂದು ಮಾತು. ಅದನ್ನ ಬಹಳ ದಿನ ಯಾರೂ ತೆರೀದಿದ್ರ ಅದು ಹಾಳಾಗ್ತದ?"

"ವರ್ಷಗಟ್ಟಲೆ ಬಿಟ್ರೆ ಮುಚ್ಚಿ ಹಾಕ್ತಾರೆ. ನಿಮ್ಮದು ಎಷ್ಟಾಯ್ತು?"

"ಹನ್ನೊಂದು ತಿಂಗಳು."

"ಇರಬಹುದು ಹಾಗಾದ್ರೆ. ಪಾಸ್‌ವರ್ಡ್ ಗೊತ್ತುಂಟಾ?"

ಕಾಟಾ ಬುಕ್ಕು ಎಲ್ಲಿದೆ ಎಂದು ಕಾಂಚನಾಳಿಗೆ ಗೊತ್ತಿತ್ತು. ಮುಗಿದ ವಹಿಗಳನ್ನು ವೀರಭದ್ರಪ್ಪ ಎಸೆಯಗೊಡುವುದಿಲ್ಲ. ದೀಪಾವಳಿಗೆ ಪೂಜೆ ಮಾಡಿದ ಪುಸ್ತಕಕ್ಕೆ ಕಸದ ಬುಟ್ಟಿ ತೋರಿಸಬಾರದು ಎಂಬುದು ಅವರ ನೇಮ. ಶ್ರೀವಾಣಿಗೆ ತಡೆಯಲು ಹೇಳಿ, ಮೇಲಿನ ಅಟ್ಟದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟಿನಿಂದ ಅವಳು ಹೋದ ವರ್ಷದ ಪುಸ್ತಕ ಎಳೆದು ತಂದಳು. ಹಿಂದಿನ ರಟ್ಟಿನ ಮೇಲೆ ಶಿವರಾಜನ ಮುತ್ತಿನಂಥ ಅಕ್ಷರ. ತಿಕೋಟಾದ ಹೆಸರು ಇಂಗ್ಲಿಷಿನಲ್ಲಿ, ನಡುವೆ ಒಂದು ಚುಕ್ಕೆ, ಕೊನೆಗೆ ಪೇಢಿಯ ಮೊದಲ ಗಾಳಾದ ನಂಬರು. ಕಳ್ಳನಾದವನು ಇಷ್ಟು ದುಂಡಗೆ ಬರೆಯುತ್ತಾನೆಯೇ ಎಂದು ಅವಳಿಗೆ ಅಂದೇ ಅನಿಸಬೇಕಿತ್ತು.

ಅವಳು ಕೆಳಗಿನ ಸಾಲನ್ನು ಒತ್ತಿದಳು. ಪುಟದ ಚಹರೆ ತುಸು ಬದಲಾಯಿತು. ಪಾಸ್‌ವರ್ಡ್ ಕೇಳಿತು. ಅಕ್ಷರ ಅಕ್ಷರ ನೋಡಿ ಬರೆದಳು, ಹನ್ನೊಂದು ತಿಂಗಳ ಹಿಂದೆ ಬರೆದ ಹಾಗೆಯೇ.

ತಪ್ಪು ಅನ್ನಲಿಲ್ಲ. ಗುರುತಿಲ್ಲದ ಕಂಪ್ಯೂಟರಿನಿಂದ ಬರುತ್ತಿದ್ದೀರಿ, ನೀವೇ ಎಂದು ತಿಳಿಯಲು ಒಂದು ಸಂಖ್ಯೆ ಕಳಿಸುತ್ತೇವೆ ಎಂದಿತು. ಎಲ್ಲಿಗೆ? ಅದೇ ಪೇಢಿಯ ಈಮೇಲಿಗೆ. ಅರೆ ನಿಮಿಷದಲ್ಲಿ ಅವಳ ಫೋನು ಟಿಣ್ ಎಂದಿತು. ಸ್ವಂತ ಮನೆಯ ಬೀಗದ ಕೈ ಪೇಢಿಯ ಡಬ್ಬಿಗೆ ಬಂದು ಬಿದ್ದಿತ್ತು. ಶಿವರಾಜ ತನಗೆಂದು ಬೇರೆ ಡಬ್ಬಿ ಇಟ್ಟುಕೊಂಡಿರಲೇ ಇಲ್ಲ. ಕದಿಯುವವನು ಕೀಲಿಯನ್ನು ಮಾಲಿಕನ ಮನೆಯಲ್ಲಿ ಬಿಟ್ಟು ಹೋಗುತ್ತಾನೆಯೇ? ಕಾಂಚನಾ ಸಂಖ್ಯೆ ಹಾಕಿದಳು.

ಪುಟ ತಿರುಗಿತು, ತಿರುಗಿತು, ನಿಂತಿತು. ಈಗ ಬೇರೆ ಮಾತು. ನೀವು ಆರಿಸಿದ ಖಾತೆ ಚಂದ್ರಮಣಿ ಫುಡ್ಸ್ ಸಂಸ್ಥೆಯಲ್ಲಿ ಇಲ್ಲ. ಅದನ್ನು ಮೊದಲು ಹೊರಗಿನ ಬಳಕೆದಾರನಾಗಿ ಸೇರಿಸಬೇಕು. ಬೇರೆ ಖಾತೆ ಬಳಸಿರಿ.

"ಒಳಗ ಬಿಡವಲ್ದು," ಎಂದಳು ಫೋನಿನಲ್ಲಿ.

"ನಮ್ಮಲ್ಲಿಗೆ ಬಿಡುದಿಲ್ಲ. ಆ ಖಾತೆಯನ್ನು ನಾವು ಕರೆದೇ ಇಲ್ಲ ಅಲ್ವಾ," ಎಂದಳು ಶ್ರೀವಾಣಿ. "ಆದ್ರೆ ಇಲ್ಲಿವರೆಗೆ ಬಂದಿದ್ದೀರಿ ಅಂದ್ರೆ ಪಾಸ್‌ವರ್ಡ್ ಸರಿ ಉಂಟು. ಸಂಸ್ಥೆ ತಪ್ಪು, ಮನುಷ್ಯ ಸರಿ. ಒಳಗೆ ಎಂತ ಇದೆ ನೋಡ್ಬೇಕಿದ್ರೆ ಫೈಲು ಇಡುವ ಪುಟಕ್ಕೆ ನೇರ ಹೋಗಿ, ಇದೇ ಖಾತೆಯಿಂದ."

ಕಾಂಚನಾ ಹೋದಳು. ಕಪಾಟು ತೆರೆಯಿತು. ಎಂಟು ಗಂಟುಗಳು, ಎಂಟು ವರ್ಷದವು. ಒಂದನ್ನು ಬಿಚ್ಚಿದಳು. ತಿಕೋಟಾ, ಬಾಬಾನಗರ, ಕನಮಡಿ. ಹೊಲದ ಹೆಸರು, ಶೆಡ್ಡಿನ ಹೆಸರು, ಮೋಡ ಬಂದ ದಿನ. ಒಂದು ಕಡೆ ಶಿವರಾಜ ಬರೆದಿದ್ದ: ಮೂರನೆಯ ದಿನ ಹನಿ ಬಿತ್ತು, ಕಾಳು ಕಪ್ಪಾಗಬಹುದು, ಮನೆಯವರು ಸುಳ್ಳು ಹೇಳಲಿಲ್ಲ.

ಅವಳು ಕುರ್ಚಿಯ ಎಡಗೈ ಮೇಲೆ ಮೊದಲ ಸಲ ತನ್ನ ಕೈ ಊರಿದಳು.

ವೀರಭದ್ರಪ್ಪ ಊಟ ಮುಗಿಸಿ ಮೇಲೆ ಬಂದಾಗ ಅವಳು ಎದ್ದು ನಿಂತಳು. ಎಪ್ಪತ್ತರ ಮುದುಕ, ತಲೆಗೆ ಬಿಳಿ ಟೋಪಿ, ಹಣೆಗೆ ಮೂರು ಬೆರಳ ವಿಭೂತಿ. ತೆರೆಯ ಮೇಲೆ ಬಾಗಿ ಹೆಸರುಗಳನ್ನು ಒಂದೊಂದಾಗಿ ಓದಿದರು.

"ಇವು ನಮ್ಮ ಹಾಳಿ ಅಲ್ಲೇನವಾ?"

"ಹೌದ್ರಿ."

"ಎಲ್ಲಿ ಸಿಕ್ಕುವು?"

"ಶಿವರಾಜಣ್ಣ ಹೇಳಿದ ಜಾಗಾದಾಗ ಸಿಕ್ಕುವು. ಅವ ಬರದಿಟ್ಟ ಪಾಸ್‌ವರ್ಡ್‌ಗೇ ತೆರೀತು."

ಶಶಿಕಾಂತ್ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ. "ಪಣ್ ವೈನಿ, ಆಗ ಹತ್ತಲಿಲ್ಲಲ್ಲ. ತೀನ್ ಬಾರ್ ಡಾಲಾ ಥಾ."

"ಮೂರು ಸಲ ಹಾಕಿದ್ವಿ, ಮೂರು ಸಲಾನೂ ಬ್ಯಾರೆ ಬಾಗಲಾಗ ಹಾಕಿದ್ವಿ. ನೀವು ಮೊದಲ ಮ್ಯಾಲಿನ ಸಾಲು ಒತ್ತಿದ್ರಿ. ಅದು ನೀವು ಆ ವಾರಾನ ಹೊಸದಾಗಿ ಕಟ್ಟಿಸಿದ್ದು. ಹೊಸಾ ಮನಿ ಖಾಲಿ ಇರದ ಏನು ಇರ್ತದ?"

ಶಶಿಕಾಂತ್ ತೆರೆಯನ್ನು ನೋಡಿದ. ಅವನ ಮುಖ ಕೆಂಪೇರಿತು. ಆದರೂ ಒಂದು ಎಳೆ ಹಿಡಿದು ಕೇಳಿದ. "ಮತ್ತ ಅಂವ ಸ್ವಂತ ಖಾತೆದಾಗ ಯಾಕ ಇಟ್ಟ? ಪೇಢಿ ಮಾಲು ಸ್ವಂತದಾಗ ಇಡೋದು ಚೂಕ್ ಅಲ್ಲ, ತಪ್ಪಲ್ಲ?"

ಇದಕ್ಕೆ ಕಾಂಚನಾ ಉತ್ತರ ಕೊಡಬೇಕಾಗಲಿಲ್ಲ. ವೀರಭದ್ರಪ್ಪ ಸ್ಟೂಲಿನ ಮೇಲೆ ಕುಳಿತು ಟೋಪಿ ತೆಗೆದರು.

"ನಾನ ಹೇಳಿದ್ದು ಅವಂಗ," ಎಂದರು. "ಆ ಹಳೇ ಕಂಪ್ಯೂಟರ್ ಹೊಸದಾಗಿ ಬಂದಾಗ ಕೇಳಿದ್ದ ಅಂವ. ಸಾವ್ಕಾರ್ರ, ಇದು ಹೆಸರು ಕೇಳಾಕತ್ತೈತಿ, ಯಾರದು ಹಾಕ್ಲಿ ಅಂತ. ನಾ ಅಂದೆ, ಯಾರದು ಅಂದ್ರ? ಪೇಢಿದು ಹಾಕು. ಇಲ್ಲಿ ಸ್ವಂತ ಅಂತ ಒಂದು, ಪೇಢಿ ಅಂತ ಒಂದು ಐತೇನೋ? ಪೇಢಿ ಹೆಸರ ನಮ್ಮೆಲ್ಲಾರ ಹೆಸರು. ನಾಳೆ ನೀ ಇರ್ಲಿಕ್ಕಿಲ್ಲ, ನಾ ಇರ್ಲಿಕ್ಕಿಲ್ಲ, ಪೇಢಿ ಇರ್ತದ." ಸ್ವಲ್ಪ ತಡೆದು ಸೇರಿಸಿದರು. "ಮಾರ್ಕೆಟ್‌ದಾಗ ಎಲ್ಲಾರೂ ಹಂಗ ಮಾಡ್ತೀವಿ. ಹೆಂಡ್ತಿ ಗ್ಯಾಸಿನ ಬುಕ್ಕಿಗೂ ಪೇಢಿ ವಿಳಾಸ, ಮೊಮ್ಮಗನ ಸಾಲಿ ಫಾರ್ಮಿಗೂ ಪೇಢಿ ವಿಳಾಸ."

ಹೊರಗೆ ಕಾಟಾದ ಸದ್ದು ಶುರುವಾಯಿತು. ಪೆಟ್ಟಿಗೆಗಳ ತಂಪು ಇಳಿದಿತ್ತು.

"ಅವನ್ನ ಕರಿ ಬಾ ಅಂತ ಹೇಳು," ಎಂದರು ವೀರಭದ್ರಪ್ಪ ಕಾಂಚನಾಳಿಗೆ. "ಅವನ ಕುರ್ಚಿ ಅವಂಗ. ನಿಂಗೂ ಕೊರತಿ ಮಾಡಂಗಿಲ್ಲ, ಇನ್ನೊಂದು ಕುರ್ಚಿ ತರಿಸ್ತೀನಿ. ಫೋನ್ ಬ್ಯಾಡ. ನೀನ ಹೋಗು."

ಅವರು ಹೇಳದಿದ್ದರೂ ಕಾಂಚನಾ ಹೋಗುವವಳಿದ್ದಳು. ಹತ್ತವಲ್ದು ಎಂದವಳು ಅವಳು.

ಶಿವರಾಜ ಈಗ ಘಣಸೋಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಗೇಟಿನ ಮೇಲ್ವಿಚಾರಣೆ ನೋಡುತ್ತಿದ್ದ. ಮರುದಿನ ಸಂಜೆ ಐದಕ್ಕೆ ಅವಳು ಅಲ್ಲಿ ಇಳಿದಾಗ ಮಳೆ ನಿಂತು, ಹಳೆಯ ಊರಿನ ಕಡೆಯಿಂದ ಹುರಿದ ಮೀನಿನ ವಾಸನೆ ಬರುತ್ತಿತ್ತು. ಗೇಟಿನ ಕೋಣೆಯೊಳಗೆ ಅವನು ನೀಲಿ ಅಂಗಿ ತೊಟ್ಟು ಕೂತು ಬಂದವರ ಹೆಸರು, ಯಾರ ಮನೆಗೆ, ಯಾವ ಕೆಲಸಕ್ಕೆ ಎಂದು ಬರೆದುಕೊಳ್ಳುತ್ತಿದ್ದ. ಅಕ್ಷರ ಹಾಗೇ ಇತ್ತು.

ತಲೆ ಎತ್ತದೆ ಕೇಳಿದ. "ಕೌನ್ಸಾ ಫ್ಲ್ಯಾಟ್?"

"ನಿಮ್ಮನ್ನ ನೋಡಾಕ ಬಂದೀನ್ರಿ ಶಿವರಾಜಣ್ಣಾ."

ಅವನು ನೋಡಿದ. ಪೆನ್ನಿನ ಟೊಪ್ಪಿಗೆ ಹಾಕಿದ. "ಬಾ ತಂಗಿ. ಕೂಡು. ಗೇಟಿನವರನ್ನ ನೋಡಾಕ ಯಾರೂ ಬರಂಗಿಲ್ಲ. ಅದಕ್ಕ ಈ ವಹಿದಾಗ ಜಾಗಾ ಇಲ್ಲ." ಒಳಗಿನಿಂದ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟ. "ಕೂದಲ ಬೆಳ್ಳಗಾಗ್ಯಾವಲ್ಲ ನಿನ್ನವು. ಆ ಕುರ್ಚಿ ಹಂಗ, ಯಾರನ್ನೂ ಬಿಡಂಗಿಲ್ಲ."

ಕಾಂಚನಾ ನಡೆದದ್ದೆಲ್ಲ ಹೇಳಿದಳು. ಎರಡು ಸಾಲು, ಒಂದೇ ವಿಳಾಸ, ಕೆಳಗಿನದನ್ನು ಒತ್ತಿದ್ದು, ಸಂಖ್ಯೆ ಪೇಢಿಯ ಈಮೇಲಿಗೇ ಬಂದದ್ದು, ಕೊನೆಗೆ ಸಂಸ್ಥೆ ನಿಮ್ಮದಲ್ಲ ಎಂದು ಪುಟ ಹೊರಗೆ ನಿಲ್ಲಿಸಿದ್ದು. ಶಿವರಾಜ ನಡುವೆ ಒಂದು ಸ್ಕೂಟರು ಬಂದಾಗ ಎದ್ದು ಹೋಗಿ ಹೆಸರು ಬರೆದುಕೊಂಡು ಬಂದು ಮತ್ತೆ ಕೂತ. ಎಲ್ಲ ಮುಗಿದ ಮೇಲೆ ಮೊದಲು ಕೇಳಿದ್ದು ಹಾಳೆಗಳ ಮಾತು.

"ಎಂಟೂ ವರ್ಷದ್ದು ಅದಾವ?"

"ಎಂಟೂ ಅದಾವ."

"ಕನಮಡಿ ಕಡಿ ಶೆಡ್ಡಿನ ಫೋಟೋ?"

"ಅವೂ ಅದಾವ್ರಿ."

ಅವನು ಉಸಿರು ಬಿಟ್ಟ. "ಎರಡು ಅಂತ ನಂಗೂ ಗೊತ್ತಿರ್ಲಿಲ್ಲ. ನಾ ಅದನ್ನ ಮಾಡಿದಾಗ ಒಂದ ಇತ್ತು. ಮುಂದ ಶಶಿ ಹೊಸದು ಕಟ್ಟಿಸ್ಯಾನ ಅಂತ ಯಾರೂ ಹೇಳ್ಲಿಲ್ಲ. ಆ ರಾತ್ರಿ ಊರಾಗ ಕೂತು ಬಹಳ ವಿಚಾರ ಮಾಡ್ದೆ. ಚುಕ್ಕಿ ಇಡೋದು ಮರತೆನೇನೋ, ನಂದ ತಪ್ಪೇನೋ ಅಂತ."

"ಚುಕ್ಕಿ ಇತ್ರಿ. ನಾ ಚುಕ್ಕಿ ಸಹಿತ ಹಾಕಿದ್ದೆ." ಅವಳು ಸೆರಗಿನ ಅಂಚು ತಿರುವುತ್ತ ಹೇಳಿದಳು. "ಹತ್ತವಲ್ದು ಅಂತ ಹೇಳಿದಾಕಿ ನಾನ. ನನ್ನ ಮಾತಿನ ಮ್ಯಾಲ ಅವರು ನಿಮ್ಮನ್ನ ಹೊರಗ ಹಾಕಿದ್ರು."

ಶಿವರಾಜ ಗೇಟಿನ ಆಚೆ ಹಾಲಿನ ಗಾಡಿ ಹೋಗುವುದನ್ನು ನೋಡಿದ.

"ನೀ ಸುಳ್ಳ ಹೇಳ್ಲಿಲ್ಲ ತಂಗಿ," ಎಂದ. "ಹತ್ತಲಿಲ್ಲ, ಹತ್ತಲಿಲ್ಲ ಅಂದಿ. ಆದ್ರ ಐದು ವರ್ಷ ಬಾಜೂಕ ಕೂತಿದ್ದಿ. ಶಿವರಾಜಣ್ಣ ಬಂದ ಮ್ಯಾಲ ಇನ್ನೊಂದ್ಸಲ ನೋಡೋಣ್ರಿ ಅಂತ ಅನ್ನಲಿಲ್ಲ. ಅಷ್ಟ ನಂಗ ಇಲ್ಲಿ ಕುಂತದ." ಎದೆ ಮುಟ್ಟಿ ತೋರಿಸಿದ.

ಅವಳು ಹೌದೆಂದು ತಲೆ ಆಡಿಸಿದಳು.

"ಸಾವ್ಕಾರ್ರು ವಾಪಸ್ ಬಾ ಅಂದಾರ. ಕುರ್ಚಿ ನಿಮ್ಮದ ಅಂದಾರ."

"ಕುರ್ಚಿ ಯಾರಿಗೆ ಬೇಕು. ಅದರ ಕೈ ಹರದದ." ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. "ಹೋಗಿ ಹೇಳು. ಕಳ್ಳ ಅಂತ ಕೋಣ್ಯಾಗ ಹೇಳಿದ್ರ ಕೋಣ್ಯಾಗ ಕರದು ಕೂಡಿಸ್ಬಹುದಿತ್ತು. ಲೇನ್‌ದಾಗ ಹೇಳ್ಯಾರ. ಚಹಾ ಕುಡಿಯೋ ಹೊತ್ತಿನ್ಯಾಗ, ಕಾಟಾ ನಿಂತಾಗ, ಎದುರು ಗಾಳಾದ ತಾರಾನಾಥ ಸೇಠ್ರು ಕೇಳೋ ಹಂಗ ಹೇಳ್ಯಾರ. ಅಲ್ಲೇ ಹೇಳ್ಲಿ. ಆ ಮ್ಯಾಲ ಬರೋದು ಬಿಡೋದು ನಾ ನೋಡ್ತೀನಿ."

ಹೊರಡುವಾಗ ಅವಳು ಇನ್ನೊಂದು ಕೇಳಿದಳು. ಎರಡು ಖಾತೆಯ ಗೊಂದಲ ಹೋಗಬೇಕಾದರೆ ಕೆಳಗಿನದರ ಹೆಸರು ಬದಲಿಸಬೇಕು ಎಂದು ಶ್ರೀವಾಣಿ ತಿಳಿಸಿಕೊಟ್ಟಿದ್ದಳು. ಆ ಖಾತೆಗೆ ಬೇರೊಂದು ವಿಳಾಸ ಸೇರಿಸಿ, ಅದನ್ನೇ ಮುಖ್ಯ ಮಾಡಿ, ಪೇಢಿಯ ವಿಳಾಸವನ್ನು ಅದರಿಂದ ತೆಗೆದರೆ ಪುಟ ಮುಂದೆ ಎಂದೂ ಆ ಪ್ರಶ್ನೆ ಕೇಳುವುದಿಲ್ಲ. ಒಳಗಿನ ಹಾಳೆ ಹಾಳೆಯ ಜಾಗದಲ್ಲೇ ಇರುತ್ತವೆ.

"ಖಾತೆ ನಿಮ್ಮದು. ನಿಮ್ಮ ಹೆಸರಿನ ವಿಳಾಸ ಹಾಕ್ಬೇಕು. ನೀವ ಹಾಕ್ಬೇಕು."

"ನನ್ನ ಸ್ವಂತ ಹೆಸರಿಂದ?" ಶಿವರಾಜ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದ. "ಹದಿನಾರು ವರ್ಷ ಆ ಪೇಢಿ ಹೆಸರಿನ್ಯಾಗ ಮಾರ್ಕೆಟ್ ತಿರಗೀನಿ. ನಂದು ಅಂತ ಒಂದು ವಿಳಾಸ ಇಲ್ಲ ನೋಡು. ಮಾಡ್ಕೋತೀನಿ."

ಕಾಂಚನಾ ಮರುದಿನ ಅವನ ಮಾತನ್ನು ಒಂದಕ್ಷರ ಬಿಡದೆ ವೀರಭದ್ರಪ್ಪನವರಿಗೆ ಒಪ್ಪಿಸಿದಳು. ಅವರು ಹೂಂ ಎಂದರು. ಶುಕ್ರವಾರ ಹಾಗೆ ಹೋಯಿತು. ಅವಳು ಹಾಳೆಗಳನ್ನೆಲ್ಲ ಪೇಢಿಯ ಕಪಾಟಿಗೆ ನಕಲು ಮಾಡಿ, ಮೇಲಿನ ಸಾಲಿನಿಂದ ಹೋಗಿ ಚಂದ್ರಮಣಿಯವರ ತಾಣದಲ್ಲಿ ಹಾಕಿದಳು. ಸಲೀಸಾಗಿ ಒಳಗೆ ಬಿಟ್ಟಿತು. ಶನಿವಾರ ಚಹಾದ ಹೊತ್ತಿಗೆ ವೀರಭದ್ರಪ್ಪ ಮೆಟ್ಟಿಲಿಳಿದು ಹೊರಗೆ ಹೋಗಿ, ಮೋಡ ನೋಡಿ, ಮೇಲೆ ಬಂದರು. ಸೋಮವಾರವೂ ಹಾಗೇ. ಶಶಿಕಾಂತ್ ಒಮ್ಮೆ, "ಅಪ್ಪಾ, ಮೀ ಸಾಂಗತೋ, ನಾನ ಹೇಳ್ತೀನಿ," ಎಂದ. ಮುದುಕರು, "ನೀ ಹೇಳಿದ್ದಲ್ಲ ಅದು, ನಾ ಹೇಳಿದ್ದು," ಎಂದು ಸುಮ್ಮನಿರಿಸಿದರು.

ಮಂಗಳವಾರ ಬಿಸಿಲು ಬಿದ್ದಿತ್ತು. ಹನ್ನೊಂದರ ಚಹಾ ಬಂತು. ಹಮಾಲರು ಪೆಟ್ಟಿಗೆಗಳ ಮೇಲೆ ಕುಳಿತರು. ಎದುರು ಗಾಳಾದ ತಾರಾನಾಥ ಸೇಠರು ಗೋಡಂಬಿಯ ಮಾದರಿಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತಿದ್ದರು. ವೀರಭದ್ರಪ್ಪ ಮೆಟ್ಟಿಲಿಳಿದು ಲೇನಿನ ನಡುವೆ, ನೀರು ನಿಂತ ಗುಂಡಿಯ ಪಕ್ಕ ನಿಂತರು. ಕಾಂಚನಾ ಗಾಜಿನ ಬಾಗಿಲು ತೆರೆದು ಹೊಸ್ತಿಲಿಗೆ ಬಂದಳು.

"ತಾರಾನಾಥ್ರೇ," ಎಂದರು ಮುದುಕರು. "ಹೋದ ವರ್ಷ ನಮ್ಮ ಶಿವರಾಜ ಹಾಳಿ ಕದ್ದ ಅಂತ ನಾ ಹೇಳಿದ್ದೆ. ಅಂವ ಕದ್ದಿಲ್ಲ. ಇಟ್ಟ ಜಾಗಾದಾಗ ಇದ್ದುವು. ನಾವು ನೋಡ್ಲಿಲ್ಲ."

ಆ ಹೊತ್ತಿಗೆ ಒಂದು ಟೆಂಪೋ ಹಿಂದಕ್ಕೆ ಬರುತ್ತ ಪೀಂ ಪೀಂ ಎಂದು ಕೂಗುತ್ತಿತ್ತು. ತಾರಾನಾಥರು ಕಿವಿಗೆ ಕೈ ಇಟ್ಟರು. "ಎಂತದು? ಕೇಳ್ಲಿಲ್ಲ ಸೇಠ್ರೇ."

ವೀರಭದ್ರಪ್ಪ ಟೆಂಪೋ ನಿಲ್ಲುವ ತನಕ ಕಾದರು. ಹಮಾಲರು ಚಹಾದ ಗ್ಲಾಸು ಬಾಯಿಗೆ ಒಯ್ಯದೆ ಹಿಡಿದಿದ್ದರು. ಮುದುಕರು ಟೋಪಿ ಸರಿ ಮಾಡಿಕೊಂಡು, ಮೊದಲಿಗಿಂತ ಗಟ್ಟಿಯಾಗಿ, ಲೇನಿನ ಆ ಕೊನೆಯ ಗಾಳಾದವರೂ ತಲೆ ಹೊರಗೆ ಹಾಕುವ ಹಾಗೆ, ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳಿದರು.

ಕಾಂಚನಾ ಒಳಗೆ ಬಂದು ಕೂತಳು. ಸಾವ್ಕಾರರ ಋಣ ಸಂದಿತ್ತು. ತನ್ನದು ಸಂದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಂಜೆ ಫೋನಿಗೆ ಒಂದು ಈಮೇಲು ಬಂತು. ಕಳಿಸಿದವರ ಜಾಗದಲ್ಲಿ ಪೇಢಿಯ ಹೆಸರಿರಲಿಲ್ಲ. ಶಿವರಾಜ ಎಂದಿತ್ತು, ಹಿಂದೆ ಅವನ ಅಡ್ಡಹೆಸರು, ಅವನು ಹುಟ್ಟಿದ ವರ್ಷ. ಒಳಗೆ ಒಂದೇ ಸಾಲು: ಹೊಸ ವಿಳಾಸ ಮುಟ್ಟಿತೇ ಇಲ್ಲವೇ, ನೋಡಿ ಹೇಳು ತಂಗಿ.

ಅವಳು ಮುಟ್ಟಿತು ಎಂದು ಬರೆದಳು. ಕಳಿಸುವ ಮೊದಲು ಆ ವಿಳಾಸವನ್ನು ಇನ್ನೊಂದು ಸಲ, ಅಕ್ಷರ ಅಕ್ಷರ, ಓದಿ ನೋಡಿದಳು.